ಫೀಚರ್ ಪಟ್ಟಿಯಿಂದ ಒಂದು ನಿಮಿಷದ ವಿಡಿಯೊ: ಆ್ಯಪ್ ಮೊದಲ ಸಲ ತೆರೆಯುವವರಿಗೆ ಸ್ಕ್ರಿಪ್ಟ್ ಬರೆಯುವ ಕ್ರಮ

ಹುಬ್ಬಳ್ಳಿಯ ಒಂದು ಸಣ್ಣ ತಂಡ ಕಿರಾಣಿ ಅಂಗಡಿಗಳಿಗಾಗಿ ಉದ್ರಿ ಲೆಕ್ಕದ ಆ್ಯಪ್ ಮಾಡಿದೆ ಅಂತ ಇಟ್ಟುಕೊಳ್ಳಿ. ಅವರು ನಿಮಗೊಂದು ಪಟ್ಟಿ ಕಳಿಸುತ್ತಾರೆ. "ಇವಿಷ್ಟೂ ಬರಬೇಕು, ಒಂದು ನಿಮಿಷದ ವಿಡಿಯೊ ಸಾಕು" ಅನ್ನುತ್ತಾರೆ. ಪಟ್ಟಿ ಹೀಗಿದೆ:

ಎಷ್ಟು ಬೇಕಾದರೂ ಗಿರಾಕಿ ಖಾತೆ, ಉದ್ರಿ ಮತ್ತು ಜಮಾ ಎಂಟ್ರಿ, ಗಿರಾಕಿಗೆ ತಾನಾಗಿ ಹೋಗುವ ಎಸ್ಸೆಮ್ಮೆಸ್, ಕ್ಲೌಡ್ ಬ್ಯಾಕಪ್, ಪಿನ್ ಲಾಕ್, ಪಿಡಿಎಫ್ ವರದಿ, ಚೀಟಿಯ ಫೋಟೊ ಸೇರಿಸುವುದು, ಯುಪಿಐ ಕ್ಯೂಆರ್, ಸ್ಟಾಕ್ ಲೆಕ್ಕ, ಒಂದಕ್ಕಿಂತ ಹೆಚ್ಚು ಅಂಗಡಿ, ಕೆಲಸದವರಿಗೆ ಬೇರೆ ಲಾಗಿನ್, ಇಂಟರ್ನೆಟ್ ಇಲ್ಲದೆಯೂ ಕೆಲಸ, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆ.

ಒಟ್ಟು 13. ಒಂದೊಂದಕ್ಕೆ ಐದು ಸೆಕೆಂಡ್ ಕೊಟ್ಟರೆ 65 ಸೆಕೆಂಡ್, ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಹಾಗೆ ಬರೆದದ್ದು ಜಾಹೀರಾತು ಆಗುತ್ತದೆ. ಅದನ್ನು ನೋಡಿದ ಅಂಗಡಿಯವರಿಗೆ ಆ್ಯಪ್‌ನಲ್ಲಿ ಏನೇನಿದೆ ಅಂತ ಗೊತ್ತಾಗುತ್ತದೆ. ಮೊದಲು ಏನು ಒತ್ತಬೇಕು ಅಂತ ಗೊತ್ತಾಗುವುದಿಲ್ಲ. ಆ್ಯಪ್ ಹಾಕಿಕೊಂಡವರಿಗೆ ಮತ್ತೆ ಆ್ಯಪ್ ಮಾರಬೇಕಾಗಿಲ್ಲ. ಅವರ ಕೈಯಿಂದ ಮೊದಲ ಎಂಟ್ರಿ ಮಾಡಿಸಬೇಕು. ಈ ಪಟ್ಟಿಯನ್ನೇ ಹಿಡಿದುಕೊಂಡು, ಅಲ್ಲಿಂದ ಪೂರ್ತಿ ಸ್ಕ್ರಿಪ್ಟ್‌ವರೆಗೆ ಹೋಗೋಣ.

ಹಂತ 1: ವಿಡಿಯೊ ಎಲ್ಲಿ ಓಡುತ್ತದೆ ಅಂತ ಕೇಳಿ

ಪೆನ್ನು ಹಿಡಿಯುವ ಮೊದಲು ಈ ಒಂದು ಪ್ರಶ್ನೆಗೆ ಉತ್ತರ ಬೇಕು. ವಿಡಿಯೊ ವಾಟ್ಸಾಪ್‌ನಲ್ಲಿ ಹಂಚುವುದಾದರೆ ನೋಡುವವರ ಫೋನಿನಲ್ಲಿ ಆ್ಯಪ್ ಇನ್ನೂ ಇಲ್ಲ. ಆಗ ಡೌನ್‌ಲೋಡ್, ಲಾಗಿನ್, ಓಟಿಪಿ ಎಲ್ಲ ಹೇಳಬೇಕು. ವಿಡಿಯೊ ಆ್ಯಪ್ ಒಳಗೇ, ಲಾಗಿನ್ ಆದ ಮೇಲೆ ಬರುವುದಾದರೆ ಅಷ್ಟೂ ಬಿಡಬಹುದು. ಎರಡನ್ನೂ ಒಂದೇ ವಿಡಿಯೊದಲ್ಲಿ ಸೇರಿಸಿದರೆ ಅರ್ಧ ಸಮಯ ಓಟಿಪಿಗೇ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ವಿಡಿಯೊ ಆ್ಯಪ್ ಒಳಗಿದೆ. ಲಾಗಿನ್ ಆದ ತಕ್ಷಣ ಕಾಣುವ ಖಾಲಿ ಸ್ಕ್ರೀನ್ ಮೇಲೆ ಬರುತ್ತದೆ.

ಇದರಿಂದ ಸ್ಕ್ರಿಪ್ಟ್ ಎಲ್ಲಿ ಮುಗಿಯಬೇಕು ಅನ್ನುವುದೂ ತಿಳಿಯುತ್ತದೆ. ವಿಡಿಯೊ ಮುಗಿದಾಗ ನೋಡುವವರ ಎದುರು ಅದೇ ಖಾಲಿ ಸ್ಕ್ರೀನ್ ಇರುತ್ತದೆ. ಹಾಗಾಗಿ ಕೊನೆಯ ಮಾತು ಅಲ್ಲಿ ಕಾಣುವ ಬಟನ್ ಬಗ್ಗೆಯೇ ಇರಬೇಕು. ಕಂಪನಿಯ ಲೋಗೊ, ಘೋಷವಾಕ್ಯ ಅಲ್ಲಿ ಬೇಡ.

ಹಂತ 2: ಅಂಗಡಿಯಲ್ಲಿ ಒಂದು ಸಂಜೆ ಕೂತು ನೋಡಿ

ದುರ್ಗದ ಬೈಲ್ ಸುತ್ತಮುತ್ತ ಆಗಲಿ, ಬೆಟಗೇರಿಯ ಯಾವುದೋ ಓಣಿಯಲ್ಲಿ ಆಗಲಿ, ಉದ್ರಿ ಕೊಡುವ ಒಂದು ಅಂಗಡಿ ಹುಡುಕಿ. ಸಂಜೆ ಗಿರಾಕಿ ಜಾಸ್ತಿ ಇರುವ ಹೊತ್ತಿಗೆ ಹೋಗಿ, ಮಾಲೀಕರನ್ನು ಕೇಳಿ ಪಕ್ಕದಲ್ಲಿ ಕೂರಿ. ಆ್ಯಪ್ ತೋರಿಸಬೇಡಿ. ಈಗ ಉದ್ರಿ ಹೇಗೆ ಬರೆಯುತ್ತಾರೆ ಅಂತ ನೋಡಿ.

ಮೂರು ಸಂಗತಿ ಗುರುತು ಹಾಕಿಕೊಳ್ಳಿ. ಒಂದು, ಒಂದು ಎಂಟ್ರಿಯಲ್ಲಿ ಏನೇನು ಬರೆಯುತ್ತಾರೆ. ಹೆಚ್ಚಿನವರ ವಹಿಯಲ್ಲಿ ಹೆಸರು, ತಾರೀಖು, ಮೊತ್ತ ಇಷ್ಟೇ ಇರುತ್ತದೆ. ಫೋನ್ ನಂಬರ್ ಇರುವುದು ಅಪರೂಪ, ಯಾಕೆಂದರೆ ಗಿರಾಕಿ ಓಣಿಯವರೇ. ಎರಡು, ಬರೆಯುವಾಗ ಕೈ ಎಷ್ಟು ಖಾಲಿ ಇರುತ್ತದೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಪೆನ್ನು. ಮೂರು, ಯಾವಾಗ ಅಳುಕುತ್ತಾರೆ. ಬಾಕಿ ಕೇಳುವ ಹೊತ್ತಿಗೆ ದನಿ ಇಳಿಯುತ್ತದೆ. ನಾಲ್ಕು ಜನರ ಮುಂದೆ "ನಿಮ್ಮದು ಇಷ್ಟು ಬಾಕಿ ಐತ್ರಿ" ಅನ್ನುವುದಿಲ್ಲ. ಮಂದಿ ಹೋದ ಮೇಲೆ ಮೆಲ್ಲಗೆ ಹೇಳುತ್ತಾರೆ.

ಆ ಮೂರನೆಯದನ್ನು ಮರೆಯಬೇಡಿ. ಪಟ್ಟಿಯಲ್ಲಿ "ಗಿರಾಕಿಗೆ ತಾನಾಗಿ ಹೋಗುವ ಎಸ್ಸೆಮ್ಮೆಸ್" ಅಂತ ಒಂದು ಹೆಮ್ಮೆಯ ಸಾಲಿದೆ ಅಲ್ವಾ? ಆ್ಯಪ್ ಮಾಡಿದವರಿಗೆ ಅದು ಅನುಕೂಲ. ಅಂಗಡಿಯವರಿಗೆ ಅದೇ ಹೆದರಿಕೆ. ಸುಮ್ನೆ ಆ್ಯಪ್ ಒತ್ತಿ ನೋಡುವಾಗ ಯಾರಿಗೋ "ನಿಮ್ಮ ಬಾಕಿ ಇಷ್ಟು" ಅಂತ ಮೆಸೇಜ್ ಹೋದರೆ? ನಾಳೆ ಆ ಗಿರಾಕಿ ಬೇರೆ ಅಂಗಡಿ ಹಿಡಿಯುತ್ತಾನೆ. ಈ ಹೆದರಿಕೆ ಹೋಗುವತನಕ ಒಂದು ಎಂಟ್ರಿಯೂ ಆಗುವುದಿಲ್ಲ.

ಹಂತ 3: ಪಟ್ಟಿಯನ್ನು ಮೂರು ಪಾಲು ಮಾಡಿ

ಪ್ರತಿ ಫೀಚರ್‌ನ ಮುಂದೆ ಒಂದು ವಾಕ್ಯ ಬರೆಯಿರಿ: "ಅಂಗಡಿಯವರು ಇದನ್ನು ಒತ್ತುತ್ತಾರೆ, ಆಗ ಇದು ಕಾಣುತ್ತದೆ." ಬರೆಯಲು ಕೂತಾಗ ಒಂದು ವಿಷಯ ಹೊಳೆಯುತ್ತದೆ. ಕೆಲವು ಫೀಚರ್‌ಗಳಿಗೆ ಈ ವಾಕ್ಯ ಬರೆಯಲು ಆಗುವುದೇ ಇಲ್ಲ.

"ಉದ್ರಿ ಎಂಟ್ರಿ" ಸಲೀಸು. ಉದ್ರಿ ಒತ್ತಿ ಮೊತ್ತ ಹಾಕುತ್ತಾರೆ, ಬಾಕಿ ಕಾಣುತ್ತದೆ. "ಕ್ಲೌಡ್ ಬ್ಯಾಕಪ್"ಗೆ ಏನು ಬರೆಯುತ್ತೀರಿ? ಅವರು ಏನನ್ನೂ ಒತ್ತುವುದಿಲ್ಲ, ಏನೂ ಕಾಣುವುದಿಲ್ಲ. "ಇಂಟರ್ನೆಟ್ ಇಲ್ಲದೆಯೂ ಕೆಲಸ" ಕೂಡ ಹಾಗೇ. ಇವು ಮಾಡುವ ಕೆಲಸಗಳಲ್ಲ, ಆ್ಯಪ್ ಕೊಡುವ ಭರವಸೆಗಳು. ಭರವಸೆಗೆ ಸ್ಕ್ರಿಪ್ಟ್‌ನಲ್ಲಿ ಬೇರೆ ದೃಶ್ಯ ಬೇಕಾಗಿಲ್ಲ. ಹೆದರಿಕೆ ಹುಟ್ಟುವ ಜಾಗದಲ್ಲಿ ಒಂದು ಸಾಲು ಸಾಕು.

ಹಾಗಾಗಿ ಮೂರು ಪಾಲು: ಮೊದಲ ದಿನದ ಕೆಲಸ, ಭರವಸೆ, ಆಮೇಲಿನದು. ನಮ್ಮ ಪಟ್ಟಿಯಲ್ಲಿ ಮೊದಲ ದಿನಕ್ಕೆ ಬರುವುದು ಎರಡೇ: ಗಿರಾಕಿ ಖಾತೆ ತೆರೆಯುವುದು, ಉದ್ರಿ–ಜಮಾ ಬರೆಯುವುದು. ಭರವಸೆಯಲ್ಲಿ ಬ್ಯಾಕಪ್, ಇಂಟರ್ನೆಟ್ ಇಲ್ಲದೆ ಕೆಲಸ, ಪಿನ್ ಲಾಕ್. ಉಳಿದ ಎಂಟೂ ಆಮೇಲೆ. ಎಸ್ಸೆಮ್ಮೆಸ್ ಕೂಡ ಆಮೇಲಿನದೇ.

ತಂಡದವರು ಇಲ್ಲಿ ಜಗಳಕ್ಕೆ ಬರುತ್ತಾರೆ. "ಕ್ಯೂಆರ್ ಮೇಲೆ ಎಷ್ಟೊಂದು ಕೆಲಸ ಮಾಡಿದ್ದೇವೆ" ಅನ್ನುತ್ತಾರೆ. ಅವರಿಗೆ ಕೇಳಬೇಕಾದ ಪ್ರಶ್ನೆ ಇದು: ಒಬ್ಬ ಗಿರಾಕಿಯ ಖಾತೆಯೂ ಇಲ್ಲದಿದ್ದಾಗ ಕ್ಯೂಆರ್ ಬಟನ್ ಒತ್ತಿದರೆ ಏನು ಕಾಣುತ್ತದೆ? ಏನೂ ಕಾಣದಿದ್ದರೆ ಅದು ಮೊದಲ ವಿಡಿಯೊಗೆ ಸೇರಿದ್ದಲ್ಲ. ಪಿಡಿಎಫ್ ವರದಿಗೂ ಇದೇ ಪ್ರಶ್ನೆ. ಬಿಟ್ಟದ್ದನ್ನು ಎಸೆಯಬೇಕಾಗಿಲ್ಲ. ಒಂದೊಂದಕ್ಕೂ ಇಪ್ಪತ್ತು ಸೆಕೆಂಡಿನ ಬೇರೆ ವಿಡಿಯೊ ಮಾಡಿ, ಆ ಬಟನ್ ಮೊದಲ ಸಲ ಒತ್ತಿದಾಗ ತೋರಿಸಲು ಹೇಳಿ.

ಭರವಸೆಯ ಸಾಲುಗಳನ್ನು ಹಾಗೇ ನಕಲು ಮಾಡಬೇಡಿ, ಅವುಗಳ ಷರತ್ತು ಕೇಳಿ. "ಬ್ಯಾಕಪ್ ಇದೆ" ಮತ್ತು "ಇಂಟರ್ನೆಟ್ ಇಲ್ಲದೆ ನಡೆಯುತ್ತದೆ", ಎರಡೂ ಬೇರೆಬೇರೆಯಾಗಿ ನಿಜ. ಆದರೆ ನೆಟ್ ಇಲ್ಲದಾಗ ಬರೆದ ಲೆಕ್ಕ ಆ ಫೋನಿನಲ್ಲಿ ಮಾತ್ರ ಇರುತ್ತದೆ. ನೆಟ್ ಬಂದು ಸರ್ವರ್‌ಗೆ ಹೋಗುವ ಮೊದಲೇ ಫೋನ್ ಕಳೆದರೆ ಆ ಲೆಕ್ಕ ಹೋದಂತೆಯೇ. "ನಿಮ್ಮ ಲೆಕ್ಕ ಯಾವತ್ತೂ ಕಳೆಯುವುದಿಲ್ಲ" ಅಂತ ಬರೆದರೆ ಅದು ಸುಳ್ಳು. "ನೆಟ್ ಸಿಕ್ಕಾಗ ನಕಲು ಉಳಿಯುತ್ತದೆ" ಅಂದರೆ ನಿಜ. ಎರಡಕ್ಕೂ ಬೇಕಾಗುವ ಸಮಯ ಒಂದೇ.

ಹಂತ 4: ಹೊಸ ಫೋನಿನಲ್ಲಿ ದಾರಿ ನಡೆದು ನೋಡಿ

ಕೆಟ್ಟ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಹುಟ್ಟುವುದು ಈ ಹಂತವನ್ನು ಬಿಟ್ಟಾಗ. ತಂಡದವರ ಫೋನಿನಲ್ಲಿ ಆ್ಯಪ್ ತೆರೆದರೆ ಇಪ್ಪತ್ತು ಗಿರಾಕಿ, ಬಣ್ಣಬಣ್ಣದ ಬಾಕಿ ಎಲ್ಲ ತುಂಬಿರುತ್ತದೆ. ಪರ್ಮಿಷನ್‌ಗಳೆಲ್ಲ ಯಾವತ್ತೋ ಕೊಟ್ಟಾಗಿರುತ್ತದೆ. ಅಂಗಡಿಯವರ ಫೋನಿನಲ್ಲಿ ಇದ್ಯಾವುದೂ ಇಲ್ಲ. ವಿಡಿಯೊದಲ್ಲಿ ತುಂಬಿದ ಸ್ಕ್ರೀನ್, ಕೈಯಲ್ಲಿ ಖಾಲಿ ಸ್ಕ್ರೀನ್. ಅಲ್ಲೇ "ನನ್ನದರಲ್ಲಿ ಏನೋ ಕೆಟ್ಟಿದೆ" ಅಂದುಕೊಳ್ಳುತ್ತಾರೆ.

ಆ್ಯಪ್ ತೆಗೆದು ಮತ್ತೆ ಹಾಕಿ. ಈ ಆ್ಯಪ್‌ಗೆ ಯಾವತ್ತೂ ಬಳಸದ ನಂಬರಿನಿಂದ ಲಾಗಿನ್ ಆಗಿ. ಹಳೆ ನಂಬರ್ ಕೊಟ್ಟರೆ ಸರ್ವರ್‌ನಿಂದ ಹಳೆ ಲೆಕ್ಕವೆಲ್ಲ ವಾಪಸ್ ಬಂದುಬಿಡುತ್ತದೆ. ಫೋನ್ ಕಡಿಮೆ ಬೆಲೆಯದು, ಸಣ್ಣ ಸ್ಕ್ರೀನಿನದು ಇರಲಿ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ವಯಸ್ಸಾದ ಅಂಗಡಿಯವರ ಫೋನ್ ಹಾಗೇ ಇರುತ್ತದೆ. ಗಾತ್ರ ದೊಡ್ಡದಾದಾಗ, ಕೀಬೋರ್ಡ್ ಮೇಲೆದ್ದಾಗ "ಉಳಿಸಿ" ಬಟನ್ ಅದರ ಹಿಂದೆ ಮುಚ್ಚಿಹೋಗುವುದುಂಟು. ನೀವು "ಉಳಿಸಿ ಒತ್ತಿ" ಅಂತ ಬರೆದಿರುತ್ತೀರಿ, ಅವರಿಗೆ ಆ ಬಟನ್ನೇ ಕಾಣುವುದಿಲ್ಲ.

ಈಗ ಒಂದೊಂದು ಒತ್ತಿಗೂ ಒಂದು ಸಾಲು ಬರೆಯುತ್ತಾ ಹೋಗಿ: ಏನು ಒತ್ತಿದೆ, ಏನು ಬಂತು. ನಮ್ಮ ಉದಾಹರಣೆಯಲ್ಲಿ "ಗಿರಾಕಿ ಸೇರಿಸಿ" ಒತ್ತಿದ ತಕ್ಷಣ ಒಂದು ಡಬ್ಬಿ ಅಡ್ಡ ಬರುತ್ತದೆ. ಫೋನಿನಲ್ಲಿರುವ ನಂಬರ್‌ಗಳನ್ನು ನೋಡಲು ಆ್ಯಪ್ ಅನುಮತಿ ಕೇಳುತ್ತಿದೆ. ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಇಂಥ ಅನುಮತಿಗಳನ್ನು ಆ್ಯಪ್ ಬಳಸುವಾಗಲೇ ಕೇಳಬೇಕು. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ಕಳಿಸಲೂ ಅನುಮತಿ ಬೇಕು. ಈ ಡಬ್ಬಿಗಳನ್ನು ತೋರಿಸುವುದು ಆ್ಯಪ್ ಅಲ್ಲ, ಫೋನ್. ಆ್ಯಪ್ ಕನ್ನಡದಲ್ಲಿದ್ದರೂ ಫೋನ್ ಇಂಗ್ಲಿಷ್‌ನಲ್ಲಿದ್ದರೆ ಡಬ್ಬಿ ಇಂಗ್ಲಿಷ್‌ನಲ್ಲೇ ಬರುತ್ತದೆ: Allow, Don't allow. ಕನ್ನಡದಲ್ಲಿ ನಡೆಯುತ್ತಿದ್ದ ದಾರಿಗೆ ನಡುವೆ ಒಂದು ಇಂಗ್ಲಿಷ್ ಗೋಡೆ.

ಇದಕ್ಕೆ ಸ್ಕ್ರಿಪ್ಟ್‌ನಲ್ಲಿ ಎರಡು ದಾರಿ. ಒಂದು, ಡಬ್ಬಿ ತೋರಿಸಿ ವಿವರಿಸುವುದು. ಇನ್ನೊಂದು, ಡಬ್ಬಿ ಬರದ ದಾರಿ ಹುಡುಕುವುದು. ತಂಡವನ್ನು ಕೇಳಿ: ಹೆಸರು ಟೈಪ್ ಮಾಡಿದರೆ ಸಾಕಾ, ನಂಬರ್ ಇಲ್ಲದೆ ಖಾತೆ ತೆರೆಯುತ್ತದಾ? ಹೌದು ಅಂದರೆ ನಮ್ಮ ಕೆಲಸ ತುಂಬಾ ಹಗುರ. ಅನುಮತಿಯ ಡಬ್ಬಿಯನ್ನು "ಫೋನಿನಿಂದ ಆರಿಸಿ" ಅನ್ನುವ ಬಟನ್‌ಗೆ ಸರಿಸಲು ಹೇಳಿ. ಆಗ ಹೆಸರು ಬರೆಯುವವರಿಗೆ ಅದು ಕಾಣುವುದಿಲ್ಲ. ಅವರು ವಹಿಯಲ್ಲಿ ಬರೆಯುತ್ತಿದ್ದುದೂ ಹೆಸರನ್ನೇ ಅಲ್ವಾ?

ಇದರ ಜೊತೆ ಇನ್ನೊಂದು ಗಂಟೂ ಬಿಚ್ಚಿಕೊಳ್ಳುತ್ತದೆ. ನಂಬರ್ ಇಲ್ಲದ ಖಾತೆಯಿಂದ ಯಾರಿಗೂ ಮೆಸೇಜ್ ಹೋಗಲು ಸಾಧ್ಯವಿಲ್ಲ. ಹಂತ 2ರಲ್ಲಿ ಕಂಡ ಹೆದರಿಕೆಗೆ ಉತ್ತರ ಇಲ್ಲೇ ಸಿಕ್ಕಿತು. ನೋಡುವವರು ಧೈರ್ಯವಾಗಿ ಒತ್ತಿ ನೋಡಬಹುದು, ನಾವೂ ಅದನ್ನು ಧೈರ್ಯವಾಗಿ ಹೇಳಬಹುದು.

ತಂಡದವರು ಡಬ್ಬಿ ಸರಿಸಲು ಆಗುವುದಿಲ್ಲ ಅಂದರೆ ಸ್ಕ್ರಿಪ್ಟ್‌ನಲ್ಲಿ ಅದು ಬರುವ ಕ್ಷಣಕ್ಕಿಂತ ಮೊದಲೇ ಹೇಳಬೇಕು, ಬಂದ ಮೇಲೆ ಅಲ್ಲ. ಡಬ್ಬಿ ಕಂಡ ತಕ್ಷಣ ಬೆರಳು ಯಾವುದನ್ನೋ ಒತ್ತಿಯಾಗಿರುತ್ತದೆ. ಇನ್ನೊಂದು ಮಾತು: ಆಂಡ್ರಾಯ್ಡ್ 11ರಿಂದ ಈಚೆಗೆ ಎರಡು ಸಲ ಬೇಡ ಅಂದರೆ ಆ ಡಬ್ಬಿ ಮತ್ತೆ ಬರುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿಯೇ ಅನುಮತಿ ಕೊಡಬೇಕು. ಅದನ್ನು ಒಂದು ನಿಮಿಷದ ವಿಡಿಯೊದಲ್ಲಿ ಕಲಿಸಲು ಆಗುವುದಿಲ್ಲ.

ಹಂತ 5: ಎಲ್ಲಿ ಮುಗಿಸಬೇಕು ಅಂತ ಮೊದಲೇ ಬರೆದಿಡಿ

ಹಾಳೆಯ ತಲೆಯ ಮೇಲೆ ಒಂದು ವಾಕ್ಯ: "ವಿಡಿಯೊ ನೋಡಿದ ಅಂಗಡಿಯವರು ಯಾರ ಸಹಾಯವೂ ಇಲ್ಲದೆ ಒಬ್ಬ ಗಿರಾಕಿಯ ಒಂದು ಉದ್ರಿ ಬರೆದು, ಬಾಕಿ ಕಾಣುವುದನ್ನು ನೋಡುತ್ತಾರೆ." ಇದಕ್ಕೆ ಬೇಕಾಗದ ಸಾಲು ಸ್ಕ್ರಿಪ್ಟ್‌ನಲ್ಲಿ ಇರಬಾರದು. ನಾನು ಇದಕ್ಕೆ ಒಂದೇ ವಿನಾಯಿತಿ ಕೊಡುತ್ತೇನೆ. ಜಮಾ ಕೂಡ ತೋರಿಸುತ್ತೇನೆ, ಯಾಕೆಂದರೆ ಬಾಕಿ ತಾನಾಗಿ ಕಳೆದುಕೊಂಡು ಕಡಿಮೆಯಾಗುವುದನ್ನು ಕಂಡಾಗಲೇ ವಹಿಗಿಂತ ಇದು ಹೇಗೆ ಮೇಲು ಅನ್ನುವುದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ.

ಹಂತ 6: ಎರಡು ಸಾಲಿನ ಸ್ಕ್ರಿಪ್ಟ್

ಪ್ರತಿ ದೃಶ್ಯಕ್ಕೆ ಎರಡು ಸಾಲು: ಕಾಣುವುದು, ಕೇಳುವುದು. ಮೊದಲು "ಕಾಣುವುದು" ಪೂರ್ತಿ ಬರೆಯಿರಿ. ಆ ಚಿತ್ರಗಳಿಂದ ತಿಳಿಯದೆ ಉಳಿದದ್ದನ್ನು ಮಾತ್ರ "ಕೇಳುವುದು" ಸಾಲಿಗೆ ಹಾಕಿ. ಈ ಕ್ರಮ ತಿರುಗಿಸಿದರೆ ಮಾತು ಉದ್ದವಾಗುತ್ತದೆ, ಚಿತ್ರ ಅದರ ಹಿಂದೆ ಓಡುತ್ತದೆ.

ಮಾತಿನ ಲೆಕ್ಕಕ್ಕೆ ಇಂಗ್ಲಿಷ್‌ನ ಅಳತೆ ಹಿಡಿಯಬೇಡಿ. ಅಲ್ಲಿ ನಿಮಿಷಕ್ಕೆ 150 ಪದ ಅನ್ನುವ ಅಂದಾಜು ಬಳಕೆಯಲ್ಲಿದೆ. ಕನ್ನಡದ ಒಂದೊಂದು ಪದ ಉದ್ದ, "ಅಂಗಡಿಯವರಿಗೆ" ಅನ್ನುವ ಒಂದೇ ಪದದಲ್ಲಿ ಇಂಗ್ಲಿಷ್‌ನ ಮೂರು ನಾಲ್ಕು ಪದ ಅಡಗಿರುತ್ತವೆ. ಕಲಿಸುವ ವಿಡಿಯೊಗೆ ನಾನು ನಿಮಿಷಕ್ಕೆ 90 ಪದದ ಲೆಕ್ಕ ಹಿಡಿಯುತ್ತೇನೆ. ಅದರ ಮೇಲೆ ಮೌನಕ್ಕೆ ಬೇರೆ ಸಮಯ. ನಿಮ್ಮ ಓದುವವರ ವೇಗ ಬೇರೆ ಇರಬಹುದು. ಫೋನಿನ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿಸಿ, ಅದೇ ಸರಿಯಾದ ಅಳತೆ.

ನಮ್ಮ ಸ್ಕ್ರಿಪ್ಟ್ ಹೀಗಾಗುತ್ತದೆ. ಇದು ಈ ಭಾಗದ ಅಂಗಡಿಗಳಿಗಷ್ಟೇ ಹೋಗುವ ವಿಡಿಯೊ, ಹಾಗಾಗಿ ಮಾತೂ ಇಲ್ಲಿನದೇ.

ದೃಶ್ಯ 1
ಕಾಣುವುದು: ಅಂಗಡಿಯ ಮೇಜಿನ ಮೇಲೆ ತೆರೆದ ಉದ್ರಿ ವಹಿ. ಪಕ್ಕದಲ್ಲಿ ಫೋನ್. ಒಂದು ಕೈ ಫೋನ್ ಎತ್ತಿಕೊಳ್ಳುತ್ತದೆ.
ಕೇಳುವುದು: "ಶಂಕ್ರಪ್ಪನವರು ಎರಡ್ನೂರಾ ನಲವತ್ತು ರೂಪಾಯಿ ಸಾಮಾನು ಉದ್ರಿ ಒಯ್ದರು. ಅದನ್ನ ಫೋನಿನ್ಯಾಗ ಬರಿಯೋಣು."

ದೃಶ್ಯ 2
ಕಾಣುವುದು: ಖಾಲಿ ಸ್ಕ್ರೀನ್. "ಗಿರಾಕಿ ಸೇರಿಸಿ" ಬಟನ್. ಮಾತು ಮುಗಿದ ಮೇಲೆ ಬೆರಳು ಒತ್ತುತ್ತದೆ.
ಕೇಳುವುದು: "ಈಗ ಇಲ್ಲೇನೂ ಇಲ್ಲ. 'ಗಿರಾಕಿ ಸೇರಿಸಿ' ಒತ್ತರಿ."

ದೃಶ್ಯ 3
ಕಾಣುವುದು: ಹೆಸರಿನ ಜಾಗ, ನಂಬರಿನ ಜಾಗ. ಹೆಸರು ತುಂಬುತ್ತದೆ, ನಂಬರ್ ಖಾಲಿ ಉಳಿಯುತ್ತದೆ. "ಮುಂದೆ" ಒತ್ತುವುದು.
ಕೇಳುವುದು: "ಹೆಸರು ಬರೀರಿ. ಫೋನ್ ನಂಬರ್ ಈಗ ಬ್ಯಾಡ, ಆಮ್ಯಾಲೆ ಹಾಕಬಹುದು. 'ಮುಂದೆ' ಒತ್ತರಿ."

ದೃಶ್ಯ 4
ಕಾಣುವುದು: ಶಂಕ್ರಪ್ಪನವರ ಖಾತೆ. "ಉದ್ರಿ", "ಜಮಾ" ಎರಡು ಬಟನ್. ಹೆಸರು ಹೇಳಿದಾಗ ಒಂದೊಂದೂ ದೊಡ್ಡದಾಗಿ ಕಾಣುತ್ತದೆ.
ಕೇಳುವುದು: "ಸಾಮಾನು ಕೊಟ್ಟರ 'ಉದ್ರಿ'. ರೊಕ್ಕ ಬಂದರ 'ಜಮಾ'. ಈಗ 'ಉದ್ರಿ' ಒತ್ತರಿ."

ದೃಶ್ಯ 5
ಕಾಣುವುದು: 240 ಟೈಪ್ ಆಗುತ್ತದೆ. "ಉಳಿಸಿ" ಒತ್ತುವುದು.
ಕೇಳುವುದು: "ಎರಡ್ನೂರಾ ನಲವತ್ತು ಹಾಕಿ 'ಉಳಿಸಿ' ಒತ್ತರಿ."

ದೃಶ್ಯ 6
ಕಾಣುವುದು: "ಬಾಕಿ ₹240". ಎರಡು ಸೆಕೆಂಡ್ ಯಾವ ಮಾತೂ ಇಲ್ಲ.
ಕೇಳುವುದು: "ನೋಡ್ರಿ, ಬಾಕಿ ಬಂತು. ಶಂಕ್ರಪ್ಪನವರಿಗೆ ಯಾವ ಮೆಸೇಜೂ ಹೋಗಿಲ್ಲ."

ದೃಶ್ಯ 7
ಕಾಣುವುದು: "ಜಮಾ", 100, "ಉಳಿಸಿ". ಬಾಕಿ ₹240 ಹೋಗಿ ₹140 ಆಗುತ್ತದೆ. ಎರಡು ಸೆಕೆಂಡ್ ಮೌನ.
ಕೇಳುವುದು: "ಸಂಜಿಗೆ ನೂರು ರೂಪಾಯಿ ಕೊಟ್ಟರು ಅನ್ರಿ. 'ಜಮಾ' ಒತ್ತಿ, ನೂರು ಹಾಕಿ, ಉಳಿಸ್ರಿ. ಉಳಿದ ಬಾಕಿ ಇಲ್ಲೇ ಕಾಣಸ್ತದ."

ದೃಶ್ಯ 8
ಕಾಣುವುದು: ಖಾತೆಗಳ ಪಟ್ಟಿ, ಅದರಲ್ಲಿ ಒಂದೇ ಹೆಸರು. ಕೊನೆಗೆ "ಗಿರಾಕಿ ಸೇರಿಸಿ" ಬಟನ್ ಮಾತ್ರ.
ಕೇಳುವುದು: "ನೆಟ್ ಸಿಕ್ಕಾಗ ಈ ಲೆಕ್ಕದ ನಕಲು ಉಳೀತದ. ಆಮ್ಯಾಲೆ ಫೋನ್ ಕಳೆದರೂ ಲೆಕ್ಕ ಸಿಗತದ. ಈಗ ನಿಮ್ಮ ಒಬ್ಬ ಗಿರಾಕಿ ಹೆಸರು ಬರೀರಿ."

ಮಾತು ಸುಮಾರು 80 ಪದ. 90ರ ವೇಗದಲ್ಲಿ 53 ಸೆಕೆಂಡ್. ಬೆರಳಿಗೆ, ಮೌನಕ್ಕೆ 15 ಸೆಕೆಂಡ್ ಸೇರಿಸಿದರೆ 70ರ ಒಳಗೆ ಮುಗಿಯುತ್ತದೆ. ಇದಕ್ಕಿಂತ ಕಡಿಮೆ ಬೇಕೇಬೇಕು ಅಂದರೆ ದೃಶ್ಯ 7 ತೆಗೆಯಿರಿ. ಮೌನವನ್ನು ತೆಗೆಯಬೇಡಿ. ಬಾಕಿಯ ಅಂಕಿ ಕಣ್ಣಿಗೆ ಬೀಳಲು ಆ ಎರಡು ಸೆಕೆಂಡ್ ಬೇಕು.

ಪಿನ್ ಲಾಕ್ ಬಿಟ್ಟದ್ದು ಗಮನಿಸಿದಿರಾ? ಭರವಸೆಯ ಪಾಲಿನಲ್ಲಿ ಅದೂ ಇತ್ತು. ಆದರೆ ಈ ದಾರಿಯಲ್ಲಿ "ಬೇರೆಯವರು ನೋಡಿದರೆ?" ಅನ್ನುವ ಹೆದರಿಕೆ ಎಲ್ಲೂ ಏಳುವುದಿಲ್ಲ. ಹೆದರಿಕೆಯೇ ಇಲ್ಲದ ಕಡೆ ಸಮಾಧಾನ ಹೇಳಿದರೆ ಹೊಸ ಅನುಮಾನ ಹುಟ್ಟುತ್ತದೆ.

ಹಂತ 7: ಮಾತನ್ನು ತಿದ್ದುವುದು

ಬಟನ್ ಮೇಲೆ ಏನು ಬರೆದಿದೆಯೋ ಅದನ್ನೇ ಹೇಳಿ. ಬಟನ್ ಮೇಲೆ "ಉಳಿಸಿ" ಇದ್ದು ನೀವು "ಸೇವ್ ಮಾಡ್ರಿ" ಅಂದರೆ ಕಣ್ಣು ಆ ಪದ ಹುಡುಕುತ್ತಾ ನಿಲ್ಲುತ್ತದೆ. ಬಟನ್ನಿನ ಪದವೇ ಸರಿಯಿಲ್ಲ ಅನ್ನಿಸಿದರೆ ಆ್ಯಪ್‌ನಲ್ಲಿ ಬದಲಿಸಲು ಹೇಳಿ. ಸ್ಕ್ರಿಪ್ಟ್‌ನಲ್ಲಿ ತೇಪೆ ಹಾಕಬೇಡಿ. "ಮೇಲೆ ಬಲಗಡೆ ಇರುವ ಹಸಿರು ಬಟನ್" ಅನ್ನುವುದೂ ಬೇಡ. ಮುಂದಿನ ಅಪ್‌ಡೇಟ್‌ಗೆ ಅದು ನೀಲಿ ಆಗಿ ಕೆಳಗೆ ಬಂದಿರುತ್ತದೆ.

ಮಾತು ಮೊದಲು, ಬೆರಳು ಆಮೇಲೆ. ಹೇಳುವ ಮೊದಲೇ ಬೆರಳು ಒತ್ತಿದರೆ ನೋಡುವವರು ಆ ಬಟನ್ ನೋಡಿರುವುದೇ ಇಲ್ಲ. ಅದಕ್ಕೇ ದೃಶ್ಯ 2ರಲ್ಲಿ "ಮಾತು ಮುಗಿದ ಮೇಲೆ" ಅಂತ ಬರೆದದ್ದು. ರೆಕಾರ್ಡ್ ಮಾಡುವವರಿಗೆ ಇದು ತಾನಾಗಿ ಹೊಳೆಯುವುದಿಲ್ಲ, ಹಾಳೆಯಲ್ಲೇ ಇರಬೇಕು. ಆಂಡ್ರಾಯ್ಡ್ 11ರಿಂದ ಫೋನಿನಲ್ಲೇ ಸ್ಕ್ರೀನ್ ರೆಕಾರ್ಡರ್ ಇದೆ, ಬೆರಳು ಒತ್ತಿದ ಜಾಗ ತೋರಿಸುವ ಆಯ್ಕೆಯೂ ಅದರಲ್ಲೇ ಸಿಗುತ್ತದೆ. ಅದನ್ನು ಆನ್ ಮಾಡಿಕೊಳ್ಳಲು ಹೇಳಿ.

ಇಲ್ಲಿನ ಮಾತಿನಲ್ಲಿ ಬರೆದರೆ ಓದುವವರೂ ಇಲ್ಲಿಯವರೇ ಆಗಿರಲಿ. ಬೇರೆ ಕಡೆಯವರು ಧಾರವಾಡದ ಮಾತನ್ನು ಅನುಕರಣೆ ಮಾಡಿದರೆ ಕಾಮಿಡಿ ಶೋ ಆಗುತ್ತದೆ. ಅಂಗಡಿಯವರಿಗೆ ತಮ್ಮನ್ನೇ ಅಣಕಿಸಿದಂತೆ ಕೇಳುತ್ತದೆ. ಅಂಥ ದನಿ ಸಿಗದಿದ್ದರೆ ಸರಳವಾದ "ಒತ್ತಿ", "ಬರೆಯಿರಿ" ಸಾಕು. ಮೈಸೂರು, ಮಂಗಳೂರು ಕಡೆಗೂ ಹೋಗುವ ವಿಡಿಯೊಗೂ ಅದೇ ಸರಿ. ಆದರೆ "ಉದ್ರಿ", "ಜಮಾ" ಪದಗಳು ಅಲ್ಲಿನವರಿಗೆ ಒಗ್ಗುತ್ತವಾ ಅಂತ ಅಲ್ಲಿನ ಒಂದು ಅಂಗಡಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಅಂಗಡಿಯಲ್ಲಿ ಸದ್ದು ಇರುತ್ತದೆ. ಎಷ್ಟೋ ಸಲ ದನಿ ಕೇಳುವುದೇ ಇಲ್ಲ. ಹಾಗಾಗಿ ಸ್ಕ್ರೀನ್ ಮೇಲೆ ಅಕ್ಷರವೂ ಬರಲಿ, ಆದರೆ ಆಡಿದ ಮಾತೆಲ್ಲ ಬೇಡ. ದೃಶ್ಯ 3ಕ್ಕೆ "ಹೆಸರು ಸಾಕು, ನಂಬರ್ ಆಮೇಲೆ". ದೃಶ್ಯ 6ಕ್ಕೆ "ಮೆಸೇಜ್ ಹೋಗಿಲ್ಲ". ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಎರಡು ಸಾಲು ಹಾಕಿದರೆ ನಡುವೆ ಜಾಗ ಸಾಕಷ್ಟು ಬಿಡಬೇಕು, ಇಲ್ಲದಿದ್ದರೆ ಒಂದರ ಒತ್ತು ಇನ್ನೊಂದರ ತಲೆಕಟ್ಟಿಗೆ ಅಂಟುತ್ತದೆ. ಅಕ್ಷರ ಕೀಬೋರ್ಡ್ ಬರುವ ಜಾಗದಲ್ಲಿ ಬೇಡ, ಸ್ಕ್ರೀನಿನ ಮೇಲ್ಭಾಗದಲ್ಲಿರಲಿ.

ಹಂತ 8: ಚಿತ್ರೀಕರಣಕ್ಕೆ ಮೊದಲೇ ಪರೀಕ್ಷೆ

ವಿಡಿಯೊ ಆದ ಮೇಲೆ ಪರೀಕ್ಷೆ ಮಾಡಿದರೆ ತಿದ್ದಲು ಯಾರಿಗೂ ಮನಸ್ಸಿರುವುದಿಲ್ಲ. ಸ್ಕ್ರೀನ್‌ಶಾಟ್‌ಗಳನ್ನು ಸಾಲಾಗಿ ಜೋಡಿಸಿ, ನಿಮ್ಮದೇ ದನಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕಚ್ಚಾ ವಿಡಿಯೊ ಮಾಡಿಕೊಳ್ಳಿ. ಅದನ್ನು ಆ್ಯಪ್ ನೋಡಿರದ ಅಂಗಡಿಯವರಿಗೆ ಒಂದೇ ಸಲ ತೋರಿಸಿ. ಆಮೇಲೆ ಖಾಲಿ ಆ್ಯಪ್ ಇರುವ ಫೋನ್ ಕೈಗೆ ಕೊಟ್ಟು, "ನಿಮ್ಮ ಒಬ್ಬರು ಗಿರಾಕಿಯ ಉದ್ರಿ ಬರೀರಿ" ಅಷ್ಟೇ ಅನ್ನಿ. "ಹೇಗಿದೆ?" ಅಂತ ಕೇಳಬೇಡಿ. ನಮ್ಮ ಕಡೆ ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ, ಚಹಾ ತರಿಸಿ "ಭಾಳ ಚಲೋ ಐತ್ರಿ" ಅನ್ನುತ್ತಾರೆ.

ಬೆರಳನ್ನು ನೋಡಿ. ಬೆರಳು ಸ್ಕ್ರೀನಿನ ಮೇಲೆ ತೂಗುತ್ತಾ ನಿಂತ ಜಾಗ ಬರೆದುಕೊಳ್ಳಿ. "ಉದ್ರಿ", "ಜಮಾ" ಬಟನ್‌ಗಳ ಮುಂದೆ ನಿಂತರೆ ದೃಶ್ಯ 4ಕ್ಕೆ ಇನ್ನೊಂದು ಸೆಕೆಂಡ್ ಬೇಕು. ನಂಬರಿನ ಜಾಗದಲ್ಲಿ ನಿಂತು "ಇದು ಹಾಕಬೇಕೇನ್ರಿ?" ಅಂದರೆ ದೃಶ್ಯ 3ರ ಮಾತು ಮುಟ್ಟಿಲ್ಲ, ಸ್ಕ್ರೀನ್ ಮೇಲಿನ ಅಕ್ಷರ ದೊಡ್ಡದು ಮಾಡಿ. "ಉಳಿಸಿ" ಒತ್ತುವ ಮೊದಲು ನಿಮ್ಮ ಮುಖ ನೋಡಿದರೆ ಮೆಸೇಜ್‌ನ ಹೆದರಿಕೆ ಹೋಗಿಲ್ಲ. ಆಗ "ಮೆಸೇಜ್ ಹೋಗುವುದಿಲ್ಲ" ಅನ್ನುವ ಮಾತನ್ನು ದೃಶ್ಯ 6ರಿಂದ ದೃಶ್ಯ 5ಕ್ಕೆ, ಒತ್ತುವುದಕ್ಕಿಂತ ಮೊದಲಿಗೆ ತನ್ನಿ. ಒಬ್ಬರಲ್ಲಿ ಕಂಡದ್ದಕ್ಕೆ ಓಡಿಹೋಗಿ ಬದಲಿಸಬೇಡಿ. ಮೂರನೆಯವರ ಬೆರಳೂ ಅಲ್ಲೇ ನಿಂತರೆ ಬದಲಿಸಿ.

ನಾಲ್ಕೈದು ಜನರ ಮೇಲೂ ಒಂದೇ ಜಾಗ ಸರಿಹೋಗದಿದ್ದರೆ ತೊಂದರೆ ಸ್ಕ್ರಿಪ್ಟ್‌ನಲ್ಲಿಲ್ಲ, ಸ್ಕ್ರೀನಿನಲ್ಲಿದೆ. ತಂಡಕ್ಕೆ ಆ ಕಚ್ಚಾ ವಿಡಿಯೊ ಅಲ್ಲ, ಬೆರಳು ನಿಂತ ಜಾಗದ ಸ್ಕ್ರೀನ್‌ಶಾಟ್ ಕಳಿಸಿ.

ಹಂತ 9: ಆ್ಯಪ್ ಬದಲಾದಾಗ

ಆ್ಯಪ್ ಅಪ್‌ಡೇಟ್ ಆಗುತ್ತಲೇ ಇರುತ್ತದೆ. ದೃಶ್ಯಗಳನ್ನು ಎಂಟು ತುಂಡಾಗಿ ಬರೆದದ್ದಕ್ಕೆ ಇದೂ ಒಂದು ಕಾರಣ. ದನಿಯನ್ನೂ ಎಂಟು ಬೇರೆ ಫೈಲ್‌ಗಳಾಗಿ ಉಳಿಸಿ, ಫೈಲ್ ಹೆಸರಿನಲ್ಲಿ ದೃಶ್ಯದ ಸಂಖ್ಯೆಯೂ ಆ್ಯಪ್‌ನ ವರ್ಷನ್ ಸಂಖ್ಯೆಯೂ ಇರಲಿ. ನಾಳೆ "ಮುಂದೆ" ಬಟನ್ "ಸರಿ" ಆದರೆ ದೃಶ್ಯ 3 ಒಂದನ್ನೇ ಬದಲಿಸಿದರೆ ಸಾಕು. ಹಿಂದೆ ಸಂಗೀತ ಹಾಕುವುದಾದರೆ ಎಲ್ಲ ತುಂಡು ಸೇರಿಸಿದ ಮೇಲೆ ಕೊನೆಗೆ ಹಾಕಲು ಹೇಳಿ. ದನಿಯ ಜೊತೆ ಮೊದಲೇ ಬೆರೆಸಿಬಿಟ್ಟರೆ ಒಂದು ತುಂಡು ತೆಗೆದಾಗ ಹಾಡು ತುಂಡಾಗುತ್ತದೆ.

ಹೊಸ ವರ್ಷನ್ ಬಂದಾಗಲೆಲ್ಲ ಹಂತ 4ರ ದಾರಿಯನ್ನು ಖಾಲಿ ಫೋನಿನಲ್ಲಿ ಮತ್ತೆ ನಡೆಯಬೇಕು. ಮುಖ್ಯವಾಗಿ ಎರಡು ಪ್ರಶ್ನೆ ತಂಡಕ್ಕೆ ಕೇಳಿ: ನಂಬರ್ ಈಗಲೂ ಐಚ್ಛಿಕವಾ? ಯಾವುದಾದರೂ ಹೊಸ ಅನುಮತಿ ಕೇಳುತ್ತಿದೆಯಾ? ನಂಬರ್ ಕಡ್ಡಾಯ ಮಾಡಿದ್ದರೆ ದೃಶ್ಯ 6ರ "ಯಾವ ಮೆಸೇಜೂ ಹೋಗಿಲ್ಲ" ಸುಳ್ಳಾಗಬಹುದು. ಆ ಉತ್ತರ ಸಿಗುವತನಕ ಹಳೆ ವಿಡಿಯೊವನ್ನು ಆ್ಯಪ್‌ನಿಂದ ತೆಗೆದಿಡಲು ಹೇಳಿ.